ಸಕ್ಕರೆ ಕಾಯಿಲೆಯವರ ಪಾದದ ಗಾಯ, ಮೂಳೆಗೂ ಸೋಂಕು ಇಳಿದಿರುವ ಅನುಮಾನ: ಆಂಟಿಬಯೋಟಿಕ್ ಎರಡು ವಾರವಾ, ಮೂರು ತಿಂಗಳಾ?

ಸಂಜೆಮಲ್ಲಿಗೆ
ಅಪ್ಪನಿಗೆ 61 ವರ್ಷ, ಸಕ್ಕರೆ ಕಾಯಿಲೆ ಹಳೆಯದು. ಎಡಗಾಲಿನ ಕಿರುಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಒಂದು ಗಾಯ ಆಗಿ ಮಾಯುತ್ತಲೇ ಇಲ್ಲ. ಸುತ್ತ ಸ್ವಲ್ಪ ಕೆಂಪಾಗಿದೆ, ಬೆರಳು ಊದಿದೆ. ಜ್ವರ ಇಲ್ಲ, ನೋವು ಅಂತೂ ಅವರಿಗೆ ಗೊತ್ತೇ ಆಗುವುದಿಲ್ಲ. ಡ್ರೆಸ್ಸಿಂಗ್ ಮಾಡುವಾಗ ಡಾಕ್ಟರ್ ಗಾಯದೊಳಗೆ ಒಂದು ಸ್ಟೀಲ್ ಕಡ್ಡಿ ಇಳಿಸಿ ನೋಡಿ "ಮೂಳೆ ತಾಗ್ತಿದೆ" ಅಂದರು. ಮೈಯಲ್ಲಿ ಉರಿಯೂತ ಇದ್ದರೆ ಏರುವ ರಕ್ತಪರೀಕ್ಷೆ ಇಎಸ್‌ಆರ್ 86. ಎಕ್ಸ್‌ರೇ ಮಾತ್ರ ನಾರ್ಮಲ್. ಕ್ರಿಯಾಟಿನಿನ್ 1.4.

ಈಗ ಸಮಸ್ಯೆ ಏನೆಂದರೆ, ಒಬ್ಬರು ಎರಡು ವಾರ ಮಾತ್ರೆ ಸಾಕು ಅಂತಾರೆ. ಇನ್ನೊಬ್ಬರು ಮೂಳೆ ಅಂದಮೇಲೆ ಮೂರು ತಿಂಗಳು, ಅದೂ ಇಂಜೆಕ್ಷನ್ ಅಂತಾರೆ. ಇಷ್ಟೊಂದು ವ್ಯತ್ಯಾಸ ಯಾಕೆ? ಯಾರನ್ನು ನಂಬಬೇಕು?

ಹಳೇಬೇರು
ಮೂರು ತಿಂಗಳೇ ಸರಿ ಕಣಮ್ಮ. ನನ್ನ ಹೆಬ್ಬೆರಳು ತೆಗೆದಾಗ ಗಾಯ ಪೂರ್ತಿ ಮುಚ್ಚುವ ತನಕ ಮಾತ್ರೆ ನುಂಗಿದ್ದೀನಿ. ಮಧ್ಯದಲ್ಲಿ ನಿಲ್ಲಿಸಿದರೆ ಸೋಂಕು ತಿರುಗಿ ಬರುತ್ತೆ ಅಂದಿದ್ದರು. ನಾನು ಇವತ್ತು ಓಡಾಡಿಕೊಂಡಿದ್ದೀನಿ ಅಂದರೆ ಅದೇ ಕಾರಣ.

ಪಿಜಿ_ಮೆಡಿಸಿನ್
ಮೂಳೆ ಸೋಂಕು ಅಂದರೆ ಆರು ವಾರ, ನರದ ಮೂಲಕವೇ ಕೊಡಬೇಕು. ಮಾತ್ರೆ ಮೂಳೆಯೊಳಗೆ ಸರಿಯಾಗಿ ಹೋಗುವುದಿಲ್ಲ. ಎರಡು ವಾರ ಅನ್ನುವುದು ಚರ್ಮ ಮತ್ತು ಮಾಂಸದ ಸೋಂಕಿಗೆ ಮಾತ್ರ.

ಪಾದದ_ಸರ್ಜನ್
ಪಿಜಿಯವರೇ, ಆರು ವಾರ ಅಂದದ್ದು ಸರಿ, ನರದ ಮೂಲಕವೇ ಅಂದದ್ದು ಸರಿಯಲ್ಲ. 2019ರಲ್ಲಿ ಓವಿವಾ ಅನ್ನುವ ಬ್ರಿಟನ್ನಿನ ಟ್ರಯಲ್ ಬಂತು. ಮೂಳೆ ಮತ್ತು ಕೀಲು ಸೋಂಕಿನ ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಮೊದಲ ಆರು ವಾರ ಮಾತ್ರೆ, ಉಳಿದವರಿಗೆ ಇಂಜೆಕ್ಷನ್. ಒಂದು ವರ್ಷದ ಕೊನೆಗೆ ಚಿಕಿತ್ಸೆ ಸೋತದ್ದು ಮಾತ್ರೆಯವರಲ್ಲಿ ಸುಮಾರು 13%, ಇಂಜೆಕ್ಷನ್‌ನವರಲ್ಲಿ ಸುಮಾರು 15%. ಮಾತ್ರೆ ಹಿಂದೆ ಬೀಳಲಿಲ್ಲ. ಆದರೆ ರೋಗಾಣುವಿಗೆ ನಾಟುವ ಮಾತ್ರೆ ಇರಬೇಕು, ಹೊಟ್ಟೆಯಿಂದ ಚೆನ್ನಾಗಿ ರಕ್ತಕ್ಕೆ ಸೇರಬೇಕು, ರೋಗಿ ತಪ್ಪದೆ ನುಂಗಬೇಕು. ಜ್ವರ, ನಡುಕ, ಪಾದದ ತುಂಬ ಹಬ್ಬಿದ ಕೆಂಪು ಇದ್ದರೆ ಮೊದಲು ಅಡ್ಮಿಟ್ ಮಾಡಿ ಇಂಜೆಕ್ಷನ್ನೇ. ಇವರ ತಂದೆಯವರದ್ದು ಹಾಗಿಲ್ಲ.

ಸಂಜೆಮಲ್ಲಿಗೆಯವರೇ, ಇಬ್ಬರು ಡಾಕ್ಟರ್ ಬೇರೆ ಬೇರೆ ಹೇಳುತ್ತಿರುವುದು ಇಬ್ಬರೂ ಬೇರೆ ಬೇರೆ ಕಾಯಿಲೆಗೆ ಲೆಕ್ಕ ಹಾಕಿರುವುದರಿಂದ. ಮೂಳೆಗೆ ಸೋಂಕು ಇಲ್ಲದಿದ್ದರೆ ಒಂದರಿಂದ ಎರಡು ವಾರ. ಮೂಳೆಗೆ ಸೋಂಕು ಇದ್ದು, ಆ ಮೂಳೆಯನ್ನು ತೆಗೆಯದೆ ಬಿಟ್ಟರೆ ಆರು ವಾರ. ಮೂಳೆ ತೆಗೆದು, ಉಳಿಸಿದ ತುದಿಯಲ್ಲಿ ಇನ್ನೂ ರೋಗಾಣು ಸಿಕ್ಕರೆ ಮೂರು ವಾರದವರೆಗೆ. ಸೋಂಕಾದ ಮೂಳೆ ಪೂರ್ತಿ ಹೋಗಿದೆ, ಸುತ್ತಲಿನ ಮಾಂಸವೂ ಚೆನ್ನಾಗಿದೆ ಅಂದರೆ ಕೆಲವೇ ದಿನ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಅಂದರೆ ಎಷ್ಟು ದಿನ ಅನ್ನುವುದಕ್ಕೆ ಮುಂಚೆ ಮೂಳೆಗೆ ನಿಜವಾಗಿ ಇಳಿದಿದೆಯಾ ಅನ್ನುವುದು ತೀರ್ಮಾನ ಆಗಬೇಕು.

ಹಳೇಬೇರು
ಹಾಗಾದರೆ ನನಗೆ ಸುಮ್ನೆ ಕೊಟ್ಟರಾ?

ಪಾದದ_ಸರ್ಜನ್
ನಿಮ್ಮ ವರದಿ ನೋಡದೆ ಹೇಳಲಾರೆ ಯಜಮಾನರೇ. ಆದರೆ "ಗಾಯ ಮುಚ್ಚುವ ತನಕ" ಅನ್ನುವ ಲೆಕ್ಕಕ್ಕೆ ಆಧಾರ ಇಲ್ಲ. ಆಂಟಿಬಯೋಟಿಕ್ ಸೋಂಕನ್ನು ವಾಸಿ ಮಾಡುತ್ತದೆ, ಗಾಯವನ್ನು ಮುಚ್ಚುವುದಿಲ್ಲ. ಗಾಯ ಮುಚ್ಚುವುದು ಭಾರ ಬೀಳದಂತೆ ನೋಡಿಕೊಂಡಾಗ, ರಕ್ತ ಸರಿಯಾಗಿ ಹರಿದಾಗ. ತೆರೆದ ಗಾಯಕ್ಕೆ ಮಾತ್ರೆ ಮುಂದುವರಿಸುತ್ತಾ ಹೋದರೆ ಮಾತ್ರೆಗೆ ಬಗ್ಗದ ರೋಗಾಣುಗಳಷ್ಟೇ ಉಳಿಯುತ್ತವೆ.

ಓದುಗ77
ನನಗೂ ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿಕೊಂಡು ಮುಟ್ಟಲಾಗದಷ್ಟು ನೋವು. ಗಾಯ ಏನೂ ಇಲ್ಲ. ನಾನೂ ಆರು ವಾರ ಆಂಟಿಬಯೋಟಿಕ್ ತಗೋಬೇಕಾ?

ಡ್ರೆಸ್ಸಿಂಗ್_ಅಕ್ಕ
ಇಲ್ಲಪ್ಪ, ಇಲ್ಲಿ ಮಾತಾಡ್ತಿರೋದು ತೆರೆದ ಗಾಯ ಇರುವವರದ್ದು. ಗಾಯ ಇಲ್ಲದೆ ಒಂದೇ ರಾತ್ರಿಗೆ ಅಷ್ಟು ನೋವು ಅಂದರೆ ಯೂರಿಕ್ ಆಸಿಡ್‌ನಿಂದಲೂ ಆಗಬಹುದು. ಇವತ್ತೇ ತೋರಿಸಿ, ನೀವಾಗಿ ಮಾತ್ರೆ ಶುರು ಮಾಡಬೇಡಿ.

ಸಂಜೆಮಲ್ಲಿಗೆ, ಆ ಕಡ್ಡಿ ಪರೀಕ್ಷೆ ಬಗ್ಗೆ ಒಂದು ಮಾತು. ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಮೊದಲು ಗಾಯದ ಅಂಚಿನ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಹೊರಗೆ ಕಡಲೆ ಕಾಳಿನಷ್ಟು ಕಾಣುವ ಗಾಯ, ಚರ್ಮ ತೆಗೆದ ಮೇಲೆ ಒಳಗೆ ಅಗಲವಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಮೊಂಡು ತುದಿಯ ಸ್ಟೆರೈಲ್ ಪ್ರೋಬನ್ನು ಮೆಲ್ಲಗೆ ಇಳಿಸಬೇಕು. ಮಾಂಸ, ಸ್ನಾಯುಬಂಧ ತಾಗಿದರೆ ಸ್ವಲ್ಪ ಒಳಕ್ಕೆ ಬಗ್ಗುತ್ತದೆ. ಮೂಳೆ ತಾಗಿದರೆ ಟಕ್ ಅಂತ ನಿಲ್ಲುತ್ತದೆ, ಜರುಗಿಸಿದರೆ ಒರಟಾಗಿ ಕೈಗೆ ಗೊತ್ತಾಗುತ್ತದೆ. ಗಟ್ಟಿ ಚರ್ಮ ತೆಗೆಯದೆ ಕಡ್ಡಿ ಹಾಕಿದರೆ ಆ ಫಲಿತಾಂಶವನ್ನು ನಂಬಲಾಗುವುದಿಲ್ಲ. ನಿಮ್ಮಲ್ಲಿ ಚರ್ಮ ತೆಗೆದೇ ನೋಡಿದರಾ?

ಸಂಜೆಮಲ್ಲಿಗೆ
ಹೌದು ಅಕ್ಕ, ಬಿಳಿ ಚರ್ಮ ಎಲ್ಲಾ ಕೆರೆದು ತೆಗೆದರು. ಆಮೇಲೆ ಗಾಯ ಎರಡರಷ್ಟು ಕಾಣಿಸಿತು, ನನಗೆ ಭಯವೇ ಆಯಿತು. ಆದರೆ ಎಕ್ಸ್‌ರೇ ನಾರ್ಮಲ್ ಅಲ್ವಾ? ಅದರಿಂದ ಮೂಳೆಗೆ ಏನೂ ಆಗಿಲ್ಲ ಅಂತ ಅಂದುಕೊಳ್ಳಬಹುದಾ?

ಪಾದದ_ಸರ್ಜನ್
ಅಂದುಕೊಳ್ಳಬೇಡಿ. ಎಕ್ಸ್‌ರೇ ಹಿಂದೆ ಬೀಳುತ್ತದೆ. ಮೂಳೆಯೊಳಗೆ ಸೋಂಕು ಶುರುವಾಗಿ ಎರಡು ಮೂರು ವಾರ ಕಳೆದ ಮೇಲಷ್ಟೇ ಅಂಚು ಸವೆದದ್ದು ಅದರಲ್ಲಿ ಕಾಣಿಸುತ್ತದೆ. ಅದಕ್ಕೇ ಎರಡು ಮೂರು ವಾರ ಬಿಟ್ಟು ಅದೇ ಕೋನದಲ್ಲಿ ಮತ್ತೆ ತೆಗೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.

ನಿಮ್ಮ ತಂದೆಯವರ ವಿಷಯದಲ್ಲಿ ಸೋಂಕಾದ ಗಾಯ ಇದೆ, ಕಡ್ಡಿಗೆ ಮೂಳೆ ತಾಗಿದೆ, ಇಎಸ್‌ಆರ್ 70ರ ಮೇಲಿದೆ. ಇವು ಮೂರೂ ಸೇರಿದರೆ ಎಕ್ಸ್‌ರೇ ಏನೇ ಹೇಳಲಿ, ಮೂಳೆ ಸೋಂಕಿನ ಸಂಭವ ಜಾಸ್ತಿ. ಸೋಂಕಿನ ಗುರುತೇ ಇಲ್ಲದ ಶಾಂತ ಗಾಯದಲ್ಲಿ ಕಡ್ಡಿಗೆ ಮೂಳೆ ತಾಗಿದರೆ ಅದಕ್ಕೆ ಅಷ್ಟು ತೂಕ ಕೊಡುವುದಿಲ್ಲ. ಇನ್ನೂ ಅನುಮಾನ ಉಳಿದರೆ ಎಂಆರ್‌ಐ. ಅದೂ ಮೂಳೆಯಲ್ಲಿ ನೀರು ತುಂಬಿದ್ದನ್ನು ತೋರಿಸುತ್ತದೆಯೇ ಹೊರತು, ಅದು ಸೋಂಕೋ ನರ ಸತ್ತ ಪಾದದಲ್ಲಿ ಬರುವ ಶಾರ್ಕೋ ಬದಲಾವಣೆಯೋ ಅಂತ ಎಲ್ಲಾ ಸಲ ಬಿಡಿಸಿ ಹೇಳುವುದಿಲ್ಲ.

ಲ್ಯಾಬ್_ಕಿಟಕಿ
ಯಾರೂ ಬಯಾಪ್ಸಿ ಹೆಸರೇ ಎತ್ತಲಿಲ್ಲವಲ್ಲ! ಆರು ವಾರ ಯಾವ ಔಷಧ ಕೊಡುತ್ತೀರಿ? ಗಾಯದ ಮೇಲಿನ ಸ್ವಾಬ್ ನೋಡಿಯಾ? ನಮ್ಮ ಲ್ಯಾಬಿಗೆ ಬರುವ ಹತ್ತಿಕಡ್ಡಿಗಳಲ್ಲಿ ಚರ್ಮದ ಮೇಲೆ ವಾಸ ಮಾಡುವ ಎಲ್ಲವೂ ಬೆಳೆಯುತ್ತವೆ. ಮೂಳೆಯೊಳಗೆ ಇರುವುದು ಬೇರೆಯೇ ಇರುತ್ತದೆ. ಸ್ಟ್ಯಾಫ್ ಔರಿಯಸ್ ಒಂದರ ವಿಷಯದಲ್ಲಿ ಸ್ವಾಬ್ ಮತ್ತು ಮೂಳೆ ಸ್ವಲ್ಪ ಹೊಂದಿಕೊಳ್ಳುತ್ತವೆ, ಉಳಿದವುಗಳಲ್ಲಿ ಹೊಂದುವುದೇ ಕಮ್ಮಿ.

ಸಂಜೆಮಲ್ಲಿಗೆ
ನಮ್ಮದು ಸ್ವಾಬೇ. ಮೂರು ರೋಗಾಣು ಬೆಳೆದಿವೆ ಅಂತ ವರದಿ. ಅದರಲ್ಲಿ ಒಂದಕ್ಕೆ ಇಂಜೆಕ್ಷನ್ ಮಾತ್ರ ನಾಟುತ್ತದಂತೆ. ಮೂರು ತಿಂಗಳ ಇಂಜೆಕ್ಷನ್ ಮಾತು ಬಂದದ್ದು ಆ ವರದಿ ನೋಡಿ.

ಲ್ಯಾಬ್_ಕಿಟಕಿ
ನೋಡಿ, ಇದನ್ನೇ ಹೇಳುತ್ತಿದ್ದೆ. ಆ ಮೂರರಲ್ಲಿ ಮೂಳೆಯೊಳಗೆ ಒಂದೂ ಇಲ್ಲದೆ ಇರಬಹುದು. ಮೂಳೆಯ ಚೂರನ್ನು ಗಾಯದ ಮೂಲಕ ಅಲ್ಲ, ಪಕ್ಕದ ಚೆನ್ನಾಗಿರುವ ಚರ್ಮದಿಂದ ಸೂಜಿ ಹಾಕಿ ತೆಗೆಸಿ. ಅರ್ಧ ಕಲ್ಚರಿಗೆ, ಅರ್ಧ ಪೆಥಾಲಜಿಗೆ. ಸ್ವಾಬ್ ವರದಿಯನ್ನು ಹಿಡಿದುಕೊಂಡು ವಾರಗಟ್ಟಲೆ ಇಂಜೆಕ್ಷನ್ ಕೊಡುವುದು ನನಗಂತೂ ಒಪ್ಪಿಗೆ ಇಲ್ಲ. ಇನ್ನೊಂದು, ತೆಗೆಯುವ ಮುಂಚೆ ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಿ. ಔಷಧದ ಮೇಲಿರುವಾಗ ತೆಗೆದರೆ ಕಲ್ಚರ್ ಖಾಲಿ ಬರುತ್ತದೆ, ಆಮೇಲೆ ನಮ್ಮನ್ನು ಬೈಯುತ್ತಾರೆ.

ಪಾದದ_ಸರ್ಜನ್
ಬಯಾಪ್ಸಿಗೆ ನನ್ನ ಪೂರ್ತಿ ಒಪ್ಪಿಗೆ. ಎರಡು ವಾರ ನಿಲ್ಲಿಸುವುದಕ್ಕೆ ಅರ್ಧ ಒಪ್ಪಿಗೆ. ಪಾದ ಶಾಂತವಾಗಿದ್ದರೆ ಸರಿ. ಕೆಂಪು ಹಬ್ಬುತ್ತಿದ್ದರೆ, ಕೀವು ಬರುತ್ತಿದ್ದರೆ ನಿಮ್ಮ ಕಲ್ಚರಿಗಾಗಿ ನಾನು ಕಾಯಲಾರೆ. ಕೆಲವೇ ದಿನ ನಿಲ್ಲಿಸಿದರೂ ಎಷ್ಟೋ ಸಲ ಕಲ್ಚರಿನಲ್ಲಿ ರೋಗಾಣು ಬೆಳೆಯುತ್ತದೆ. ಔಷಧ ನಡೆಯುತ್ತಿರುವಾಗ ತೆಗೆದ ಚೂರಿನಲ್ಲೂ ಬೆಳೆದದ್ದು ನೋಡಿದ್ದೇನೆ.

ಲ್ಯಾಬ್_ಕಿಟಕಿ
ಬೆಳೆದರೆ ಸಂತೋಷ. ಬೆಳೆಯದಿದ್ದಾಗ "ಸೋಂಕಿಲ್ಲ" ಅಂತ ಬರೆದುಬಿಡುತ್ತಾರಲ್ಲ, ನನ್ನ ತಕರಾರು ಅದಕ್ಕೆ.

ಪಿಜಿ_ಮೆಡಿಸಿನ್
ಸರ್, ಆರು ವಾರಕ್ಕೇ ಯಾಕೆ ನಿಲ್ಲಿಸಬೇಕು? ಮೂಳೆ ತೆಗೆಯದಿದ್ದರೆ ಹನ್ನೆರಡು ವಾರ ಕೊಟ್ಟರೆ ಇನ್ನೂ ಭದ್ರ ಅಲ್ವಾ?

ಪಾದದ_ಸರ್ಜನ್
ಸರ್ ಅಲ್ಲ, ಮೇಡಂ. 2015ರಲ್ಲಿ ಫ್ರಾನ್ಸಿನಲ್ಲಿ ಇದನ್ನೇ ಪರೀಕ್ಷಿಸಿದರು. ಮೂಳೆ ತೆಗೆಯದ 40 ಜನ, ಅರ್ಧ ಮಂದಿಗೆ ಆರು ವಾರ, ಅರ್ಧ ಮಂದಿಗೆ ಹನ್ನೆರಡು ವಾರ. ಆರು ವಾರದವರಲ್ಲಿ 12 ಜನ ವಾಸಿಯಾದರು, ಹನ್ನೆರಡು ವಾರದವರಲ್ಲಿ 14. ಅದನ್ನು ವ್ಯತ್ಯಾಸ ಅಂತ ಕರೆಯಲು ಆಗುವುದಿಲ್ಲ. ಹೊಟ್ಟೆಯ ತೊಂದರೆ ಮಾತ್ರ ಹನ್ನೆರಡು ವಾರದವರಿಗೆ ಬಹಳ ಜಾಸ್ತಿ.

ಸಣ್ಣ ಅಧ್ಯಯನ, ಒಪ್ಪುತ್ತೇನೆ. 40 ಜನರಿಂದ ಎಲ್ಲಾ ಬಗೆಯ ಪಾದಕ್ಕೂ ತೀರ್ಪು ಕೊಡಲಾಗದು. ಆದರೆ ಹನ್ನೆರಡು ವಾರ ಮೇಲು ಅಂತ ತೋರಿಸಿದ ಅಧ್ಯಯನ ನನ್ನ ಕಣ್ಣಿಗೆ ಬಿದ್ದಿಲ್ಲ. ಮೂಳೆ ಕೆರೆದು ತೆಗೆದವರಲ್ಲಿ ಮೂರು ವಾರ ಮತ್ತು ಆರು ವಾರ ಹೋಲಿಸಿದ್ದು 2021ರ ಜಿನೀವಾದ ಅಧ್ಯಯನ. 93 ಜನ. ಅಲ್ಲೂ ಮೂರು ವಾರ ಹಿಂದೆ ಬೀಳಲಿಲ್ಲ.

ಪಿಜಿ_ಮೆಡಿಸಿನ್
ಕ್ಷಮಿಸಿ ಮೇಡಂ. ರಕ್ತ ಹರಿವು ತೀರಾ ಕಮ್ಮಿ ಇರುವವರನ್ನು ಆ ಅಧ್ಯಯನಗಳಿಗೆ ಎಷ್ಟು ಜನ ಸೇರಿಸಿಕೊಂಡಿರುತ್ತಾರೆ? ನಮ್ಮ ವಾರ್ಡಿಗೆ ಬರುವವರೆಲ್ಲ ಅಂಥವರೇ. ಅವರಿಗೂ ಆರು ವಾರ ಸಾಕು ಅಂತ ಹೇಗೆ ಹೇಳುವುದು?

ಪಾದದ_ಸರ್ಜನ್
ಒಳ್ಳೆಯ ಪ್ರಶ್ನೆ, ಇದಕ್ಕೆ ಗಟ್ಟಿ ಉತ್ತರ ಇನ್ನೂ ಇಲ್ಲ. ನನ್ನ ಅಭಿಪ್ರಾಯ ಇಷ್ಟು: ರಕ್ತ ಹೋಗದ ಕಡೆ ಔಷಧವೂ ಹೋಗುವುದಿಲ್ಲ. ಅಲ್ಲಿ ವಾರ ಜಾಸ್ತಿ ಮಾಡುವ ಬದಲು ರಕ್ತನಾಳ ತೆರೆಯುವವರ ಹತ್ತಿರ ಬೇಗ ಕಳಿಸಬೇಕು.

ಸಂಜೆಮಲ್ಲಿಗೆ
ಎಲ್ಲರಿಗೂ ವಂದನೆ. ಇಲ್ಲಿ ಓದಿದ್ದನ್ನೆಲ್ಲ ಬರೆದುಕೊಂಡು ಹೋಗಿ ನಮ್ಮ ಡಾಕ್ಟರ್ ಹತ್ತಿರ ಕೇಳಿದೆ. ಎರಡನೇ ಎಕ್ಸ್‌ರೇ ಆಯಿತು. ಕಿರುಬೆರಳಿನ ಬುಡದ ಮೂಳೆಯ ತಲೆಯ ಹೊರ ಅಂಚು ಇಲಿ ಕಡಿದ ಹಾಗೆ ಸವೆದಿದೆ, ಮೊದಲ ಚಿತ್ರದಲ್ಲಿ ಅಲ್ಲಿ ನುಣುಪಾದ ಗೆರೆ ಇತ್ತು. ಪಾದ ಶಾಂತವಾಗಿತ್ತು ಅಂತ ಔಷಧ ನಿಲ್ಲಿಸಿ ಬಯಾಪ್ಸಿಯನ್ನೂ ತೆಗೆದರು. ಸ್ಟ್ಯಾಫ್ ಔರಿಯಸ್ ಒಂದೇ ಬೆಳೆದಿದೆ, ಮೆಥಿಸಿಲಿನ್‌ಗೆ ಬಗ್ಗುವ ಬಗೆ. ಸ್ವಾಬಿನಲ್ಲಿದ್ದ ಆ ಇಂಜೆಕ್ಷನ್ ಬೇಕಾದ ರೋಗಾಣು ಮೂಳೆಯಲ್ಲಿ ಇಲ್ಲ!

ಮೂಳೆಯ ತಲೆಯನ್ನಷ್ಟೇ ತೆಗೆಯಬಹುದು, ಇಲ್ಲದಿದ್ದರೆ ಆರು ವಾರ ಮಾತ್ರೆ, ನೀವೇ ಯೋಚಿಸಿ ಅಂದಿದ್ದಾರೆ. ಅಪ್ಪ ಆಪರೇಷನ್ ಬೇಡ ಅಂತಿದ್ದಾರೆ. ಕೋಟ್ರೈಮಾಕ್ಸಜೋಲ್ ಅಥವಾ ಕ್ಲಿಂಡಾಮೈಸಿನ್, ಎರಡರಲ್ಲಿ ಒಂದು ಅಂತೆ. ಬಿಪಿಗೆ ಟೆಲ್ಮಿಸಾರ್ಟಾನ್ ತಗೊಳ್ತಾರೆ.

ಗುಳಿಗೆಪೆಟ್ಟಿಗೆ
ಫಾರ್ಮಸಿಸ್ಟ್ ಇಲ್ಲಿ. ಟೆಲ್ಮಿಸಾರ್ಟಾನ್ ಜೊತೆ ಕೋಟ್ರೈಮಾಕ್ಸಜೋಲ್ ಅಂದರೆ ನಾನು ತಕ್ಷಣ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಎರಡೂ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಕ್ರಿಯಾಟಿನಿನ್ 1.4 ಇರುವವರಿಗೆ ಇನ್ನೂ ಬೇಗ ಏರುತ್ತದೆ, ಹೃದಯದ ಲಯವೇ ತಪ್ಪಬಹುದು. ಕೊಡಲೇಬೇಕಾದರೆ ಮೊದಲ ವಾರದಲ್ಲೇ ಪೊಟ್ಯಾಸಿಯಂ ನೋಡಬೇಕು. ಸಕ್ಕರೆಗೆ ಗ್ಲಿಮೆಪಿರೈಡ್ ತರಹದ ಮಾತ್ರೆ ಇದ್ದರೆ ಅದನ್ನೂ ಹೇಳಿ, ಕೋಟ್ರೈಮಾಕ್ಸಜೋಲ್ ಜೊತೆ ಸಕ್ಕರೆ ತೀರಾ ಇಳಿಯಬಹುದು.

ಕ್ಲಿಂಡಾಮೈಸಿನ್‌ಗೆ ಈ ತೊಂದರೆ ಇಲ್ಲ, ಆದರೆ ಅದರದ್ದೇ ಬೇರೆ ಕಾಟ. ಲೋಟ ತುಂಬ ನೀರಿನ ಜೊತೆ ನುಂಗಿ, ನುಂಗಿದ ತಕ್ಷಣ ಮಲಗಬಾರದು, ಅನ್ನನಾಳ ಸುಡುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ನೀರಾಗಿ ಭೇದಿ ಶುರುವಾದರೆ ಭೇದಿ ನಿಲ್ಲಿಸುವ ಮಾತ್ರೆ ತಗೊಂಡು ಮುಚ್ಚಿಹಾಕಬೇಡಿ, ಡಾಕ್ಟರಿಗೆ ಹೇಳಿ. ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಸೋಂಕು ಆಗಿರಬಹುದು. ಯಾವ ಔಷಧ ಅನ್ನುವುದು ನಿಮ್ಮ ಡಾಕ್ಟರ್ ತೀರ್ಮಾನ, ನಾನು ಹೇಳಿದ್ದು ಎಚ್ಚರಿಕೆ ಮಾತ್ರ.

ಲ್ಯಾಬ್_ಕಿಟಕಿ
ಕ್ಲಿಂಡಾಮೈಸಿನ್ ಶುರು ಮಾಡುವ ಮುಂಚೆ ವರದಿಯಲ್ಲಿ ಡಿ-ಟೆಸ್ಟ್ ನೆಗೆಟಿವ್ ಅಂತ ಇದೆಯಾ ನೋಡಿ. ಎರಿಥ್ರೋಮೈಸಿನ್‌ಗೆ ಬಗ್ಗದೆ, ಕ್ಲಿಂಡಾಮೈಸಿನ್‌ಗೆ ಬಗ್ಗುವ ಹಾಗೆ ಕಾಣುವ ಸ್ಟ್ಯಾಫ್ ಕೆಲವು ಸಲ ಚಿಕಿತ್ಸೆಯ ಮಧ್ಯದಲ್ಲಿ ತಿರುಗಿ ನಿಲ್ಲುತ್ತದೆ. ಆ ಟೆಸ್ಟ್ ಮಾಡಿದರೆ ಮೊದಲೇ ಗೊತ್ತಾಗುತ್ತದೆ.

ಹಳೇಬೇರು
ಆಪರೇಷನ್ ಮಾಡಿಸಿಬಿಡಲಿ. ಕೊಳೆತದ್ದನ್ನು ಒಳಗೆ ಇಟ್ಟುಕೊಂಡು ಮಾತ್ರೆ ನುಂಗುವುದು ಯಾಕೆ?

ಪಾದದ_ಸರ್ಜನ್
ಯಜಮಾನರೇ, ಪಾದದ ಮುಂಭಾಗದ ಒಂದು ಮೂಳೆ, ಕೀವು ಗಂಟು ಇಲ್ಲ, ರಕ್ತ ಹರಿವು ಪರವಾಗಿಲ್ಲ ಅಂದರೆ ಎರಡು ದಾರಿಯೂ ಸರಿ. ಸ್ಪೇನಿನಲ್ಲಿ ಈ ಎರಡನ್ನೂ ಹೋಲಿಸಿದ ಅಧ್ಯಯನದಲ್ಲಿ ವಾಸಿಯಾದವರ ಪಾಲು ಹೆಚ್ಚುಕಡಿಮೆ ಒಂದೇ ಇತ್ತು. ಮೂಳೆಯ ತಲೆ ತೆಗೆದರೆ ಔಷಧದ ದಿನ ಕಡಿಮೆಯಾಗುತ್ತದೆ, ಆದರೆ ಭಾರ ಪಕ್ಕದ ಮೂಳೆಯ ಮೇಲೆ ಸರಿಯುತ್ತದೆ, ಅಲ್ಲೊಂದು ಹೊಸ ಗಾಯ ಆಗಬಹುದು. ನಾನು ಸರ್ಜನ್ ಆಗಿದ್ದೂ ಇಂಥ ರೋಗಿಗೆ ಮೊದಲು ಮಾತ್ರೆ ಕೊಟ್ಟು ನೋಡೋಣ ಅನ್ನುತ್ತೇನೆ. ಮೂಳೆ ತುಂಡಾಗಿ ಒಳಗೆ ತೇಲುತ್ತಿದ್ದರೆ, ಕೀಲಿಗೆ ಹಬ್ಬಿದ್ದರೆ, ಕೀವು ಇದ್ದರೆ ಆಗ ಕತ್ತಿ.

ಡ್ರೆಸ್ಸಿಂಗ್_ಅಕ್ಕ
ಮಾತ್ರೆ ಯಾವುದೇ ಆಗಲಿ, ಕಾಲಿಗೆ ಏನು ಹಾಕಿದ್ದಾರೆ? ಅದನ್ನು ಯಾರೂ ಕೇಳಲಿಲ್ಲ. ಅಂಗಾಲಿನ ಗಾಯದ ಮೇಲೆ ನಡೆಯುತ್ತಲೇ ಇದ್ದರೆ ಮಾತ್ರೆ ಒಂದರಿಂದ ಗಾಯ ಮಾಯುವುದಿಲ್ಲ. ನೋವು ಇಲ್ಲದವರು ರಾತ್ರಿ ಬಾತ್‌ರೂಮಿಗೆ ಬರಿಗಾಲಲ್ಲಿ ಹೋಗುತ್ತಾರೆ, ಅಷ್ಟೇ ಸಾಕು ಕೆಡಲು.

ಸಂಜೆಮಲ್ಲಿಗೆ
ಆರು ವಾರ ಮುಗಿಯಿತು, ಅದಕ್ಕೇ ಮತ್ತೆ ಬಂದೆ. ಡಿ-ಟೆಸ್ಟ್ ನೆಗೆಟಿವ್ ಇತ್ತು, ಕ್ಲಿಂಡಾಮೈಸಿನ್ ಕೊಟ್ಟರು. ಹೊಟ್ಟೆ ಸ್ವಲ್ಪ ಕೆಟ್ಟಿತ್ತು, ಸರಿಹೋಯಿತು. ಕೆಂಪು ಹೋಗಿದೆ, ಊತ ಇಳಿದಿದೆ, ಬೆರಳು ಬೆರಳಿನ ಹಾಗೆ ಕಾಣುತ್ತಿದೆ. ಇಎಸ್‌ಆರ್ 86ರಿಂದ 48ಕ್ಕೆ ಬಂದಿದೆ. ಮೂರನೇ ಎಕ್ಸ್‌ರೇಯಲ್ಲಿ ಸವೆತ ಹೆಚ್ಚಾಗಿಲ್ಲ. ಆದರೆ ಗಾಯ ಪೂರ್ತಿ ಮುಚ್ಚಿಲ್ಲ, ಸಣ್ಣಗೆ ಉಳಿದಿದೆ. ಮಾತ್ರೆ ನಿಲ್ಲಿಸಿ ಅಂದಿದ್ದಾರೆ. ಮನೆಯಲ್ಲಿ ಎಲ್ಲರೂ "ಇನ್ನೊಂದು ತಿಂಗಳು ಕೊಡಿಸು" ಅಂತಿದ್ದಾರೆ. ಇಎಸ್‌ಆರ್ ಇನ್ನೂ ನಾರ್ಮಲ್ ಆಗಿಲ್ಲವಲ್ಲ?

ಪಾದದ_ಸರ್ಜನ್
ನಿಲ್ಲಿಸಿ ಅಂದದ್ದೇ ಸರಿ. ಇಎಸ್‌ಆರ್ ನಿಧಾನವಾಗಿ ಇಳಿಯುತ್ತದೆ, ಮೂತ್ರಪಿಂಡದ ತೊಂದರೆ, ರಕ್ತಹೀನತೆ ಇದ್ದರೆ ಕೊನೆಯವರೆಗೂ ಪೂರ್ತಿ ಇಳಿಯದೆ ಇರಬಹುದು. ನಾರ್ಮಲ್ ಆಗುವ ತನಕ ಔಷಧ ಕೊಟ್ಟರೆ ಕೆಲವರಿಗೆ ಜೀವನಪೂರ್ತಿ ಕೊಡಬೇಕಾಗುತ್ತದೆ. ಇಳಿಯುವ ದಿಕ್ಕಿನಲ್ಲಿದೆ, ಚಿತ್ರ ಕೆಟ್ಟಿಲ್ಲ, ಸೋಂಕಿನ ಗುರುತು ಇಲ್ಲ. ಅಷ್ಟು ಸಾಕು.

ಆರು ವಾರಕ್ಕೆ ನಾವು "ವಾಸಿ" ಅನ್ನುವುದಿಲ್ಲ. ಔಷಧ ನಿಲ್ಲಿಸಿದ ಮೇಲೆ ಕನಿಷ್ಠ ಆರು ತಿಂಗಳು ಸೋಂಕು ತಿರುಗಿ ಬರದೆ ಇದ್ದರೆ ಆಗ ಅನ್ನುತ್ತೇವೆ. ಅಲ್ಲಿಯವರೆಗೆ ಅದೇ ಜಾಗದಲ್ಲಿ ಮತ್ತೆ ಕೆಂಪು, ಊತ, ಹೊಸ ಸೋರಿಕೆ, ಕಾರಣವಿಲ್ಲದೆ ಏರಿದ ಸಕ್ಕರೆ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ತೋರಿಸಿ. ಆಗಲೂ ಹಳೆಯ ಮಾತ್ರೆಯನ್ನೇ ಮತ್ತೆ ಶುರು ಮಾಡಬೇಡಿ. ಹೊಸದಾಗಿ ಬಯಾಪ್ಸಿ, ಇಲ್ಲವೇ ಆಪರೇಷನ್ ಯೋಚನೆ ಮಾಡಬೇಕು.

ಉಳಿದ ಗಾಯಕ್ಕೆ ಎರಡು ಪ್ರಶ್ನೆ. ಪಾದಕ್ಕೆ ರಕ್ತ ಎಷ್ಟು ಹರಿಯುತ್ತಿದೆ ಅಂತ ಅಳೆದಿದ್ದಾರಾ? ಭಾರ ತಪ್ಪಿಸಲು ಏನು ಕೊಟ್ಟಿದ್ದಾರೆ?

ಸಂಜೆಮಲ್ಲಿಗೆ
ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡಿದರು ಮೇಡಂ, 1.3 ಬಂತು, ಚೆನ್ನಾಗಿದೆ ಅಂದರು. ಕಾಲಿಗೆ ಮೆತ್ತನೆಯ ಚಪ್ಪಲಿ ಕೊಟ್ಟಿದ್ದಾರೆ.

ಪಾದದ_ಸರ್ಜನ್
ಸಕ್ಕರೆ ಕಾಯಿಲೆಯವರಲ್ಲಿ ಆ 1.3ನ್ನು ಪೂರ್ತಿ ನಂಬಬೇಡಿ. ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾದರೆ ಪಟ್ಟಿ ಬಿಗಿದರೂ ಅದು ಒತ್ತಿಕೊಳ್ಳುವುದಿಲ್ಲ, ಲೆಕ್ಕ ಸುಳ್ಳಾಗಿ ಜಾಸ್ತಿ ಬರುತ್ತದೆ. ಕಾಲ್ಬೆರಳಿನ ಒತ್ತಡ ಅಳೆಸಿ. ಅದು 30ಕ್ಕಿಂತ ಕೆಳಗಿದ್ದರೆ ಗಾಯ ಮಾಯುವುದು ಕಷ್ಟ, ರಕ್ತನಾಳದ ಡಾಕ್ಟರನ್ನು ತಡಮಾಡದೆ ನೋಡಬೇಕು.

ಮೆತ್ತನೆ ಚಪ್ಪಲಿ ಸಾಲದು. ರಕ್ತ ಹರಿವು ಚೆನ್ನಾಗಿದ್ದು ಸೋಂಕು ಅಡಗಿದ್ದರೆ ಮೊಣಕಾಲಿನ ಕೆಳಗಿನವರೆಗೆ ಬರುವ, ರೋಗಿ ತಾನಾಗಿ ಬಿಚ್ಚಲಾಗದ ಕಾಸ್ಟ್ ಅಥವಾ ಬೂಟು ಹಾಕುತ್ತೇವೆ.

ಡ್ರೆಸ್ಸಿಂಗ್_ಅಕ್ಕ
ಬಿಚ್ಚಲಾಗದ್ದು ಅಂದರೆ ಅಪ್ಪ ಜಗಳ ಆಡ್ತಾರೆ, ಮೊದಲೇ ಹೇಳಿಬಿಡ್ತೀನಿ. ಎಲ್ಲರೂ ಆಡ್ತಾರೆ. ಬಿಚ್ಚಬಹುದಾದದ್ದನ್ನು ಕೊಟ್ಟರೆ ಮನೆಯಲ್ಲಿ ಮೂಲೆಯಲ್ಲಿ ನಿಂತಿರುತ್ತದೆ. ಇನ್ನೊಂದು ಕಾಲಿಗೆ ಅಷ್ಟೇ ಎತ್ತರದ ಹಿಮ್ಮಡಿ ಇರುವ ಚಪ್ಪಲಿ ಕೊಡಿಸಿ, ಇಲ್ಲದಿದ್ದರೆ ಸೊಂಟ ನೋವು ಅಂತ ನಡೆಯುವುದನ್ನೇ ಬಿಡ್ತಾರೆ, ಬೀಳಲೂಬಹುದು.

ಪಿಜಿ_ಮೆಡಿಸಿನ್
ಮೇಡಂ, ವಿಷಯ ಸ್ವಲ್ಪ ಬೇರೆ. ಮೂಳೆ ಕತ್ತರಿಸಿದಾಗ ಉಳಿದ ತುದಿಯ ಕಲ್ಚರ್ ಪಾಸಿಟಿವ್ ಬಂದರೆ ಮೂರು ವಾರ ಅಂದಿರಿ. ಆ ತುದಿಗೆ ಆಪರೇಷನ್ ಸಮಯದಲ್ಲೇ ಗಾಯದ ಕೊಳಕು ತಾಗಿದ್ದರೆ? ಪೆಥಾಲಜಿ ಚೆನ್ನಾಗಿದೆ, ಕಲ್ಚರ್ ಮಾತ್ರ ಪಾಸಿಟಿವ್. ಆಗ?

ಲ್ಯಾಬ್_ಕಿಟಕಿ
ಕೆಟ್ಟ ಮೂಳೆ ಕತ್ತರಿಸಿದ ಸಾಧನದಿಂದಲೇ ತುದಿಯ ಚೂರನ್ನೂ ತೆಗೆದು ಕಳಿಸುತ್ತಾರೆ. ಪಾಸಿಟಿವ್ ಬರದೆ ಏನು ಮಾಡುತ್ತದೆ? ಹೊಸ ಸಾಧನ, ಹೊಸ ಗ್ಲೌಸ್, ಬೇರೆ ಡಬ್ಬಿ. ಅಷ್ಟು ಮಾಡಿದ್ದರೆ ನಾನು ಆ ವರದಿಗೆ ಬೆಲೆ ಕೊಡುತ್ತೇನೆ.

ಪಾದದ_ಸರ್ಜನ್
ನಾನು ಆಗಲೂ ಮೂರು ವಾರ ಕೊಡುತ್ತೇನೆ. ನಮ್ಮ ಜೊತೆಯವರು ಒಬ್ಬರು ಪೆಥಾಲಜಿ ನೋಡಿ ಕೆಲವೇ ದಿನಕ್ಕೆ ನಿಲ್ಲಿಸುತ್ತಾರೆ. ಇದರಲ್ಲಿ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.

ಸಂಜೆಮಲ್ಲಿಗೆ
ಕಾಲ್ಬೆರಳಿನ ಒತ್ತಡ ಅಳೆಯುವ ಯಂತ್ರ ನಾವು ಹೋಗುವ ಕಡೆ ಇಲ್ಲವಂತೆ, ಬೇರೆ ಕಡೆ ಬರೆದುಕೊಟ್ಟಿದ್ದಾರೆ. ಕಾಸ್ಟ್ ವಿಷಯ ಅದು ಬಂದ ಮೇಲೆ ಅಂತೆ. ಮಾತ್ರೆ ನಿಲ್ಲಿಸಿದ್ದೇವೆ.